ದೊಡ್ಡದಕ್ಕೆ ದೊಡ್ಡದು: ಋಣ ಸಂಖ್ಯೆಗೂ ಸಲ್ಲುತ್ತದೆ

"ಎರಡು ಪಟ್ಟಿಯ ಸಂಖ್ಯೆಗಳನ್ನು ಜೋಡಿ ಮಾಡಿ ಗುಣಿಸಿ ಕೂಡುವಾಗ, ದೊಡ್ಡದಕ್ಕೆ ದೊಡ್ಡದನ್ನು ಜೋಡಿಸಿದರೆ ಗುಣಲಬ್ಧಗಳ ಮೊತ್ತ ಅತಿ ಜಾಸ್ತಿ ಅನ್ನೋದು ಧನ ಸಂಖ್ಯೆಗಳಿಗೆ ಮಾತ್ರ. ಮೈನಸ್ ಬಂದರೆ ಕೆಲಸ ಮಾಡಲ್ಲ."

ಇದು ತಪ್ಪು. ಎರಡು ಪಟ್ಟಿ ಇರುವಾಗ ಚಿಹ್ನೆ ಯಾವುದಿದ್ದರೂ ನಿಯಮ ನಿಲ್ಲುತ್ತದೆ. ಎಡವುವುದು 'ದೊಡ್ಡದು' ಅನ್ನುವ ಮಾತಿನಲ್ಲಿ. ಮೈನಸ್ ತೆಗೆದು ನೋಡಿ −5 ಅನ್ನು ದೊಡ್ಡದು ಅಂದುಕೊಳ್ಳುತ್ತೇವೆ. ಆದರೆ ಅದು 1ಕ್ಕಿಂತ ಚಿಕ್ಕದು, ಅಲ್ವಾ?

−5, 1, 3 ಒಂದು ಪಟ್ಟಿ. −1, 2, 4 ಇನ್ನೊಂದು. −5ಕ್ಕೆ 4, 3ಕ್ಕೆ 2, 1ಕ್ಕೆ −1 ಜೋಡಿಸಿದರೆ −20 + 6 − 1, ಅಂದರೆ −15. ಸರಿಯಾದ ಏರಿಕೆ ಕ್ರಮದಲ್ಲಿ ಜೋಡಿಸಿದರೆ 5 + 2 + 12, ಅಂದರೆ 19. ಬೇರೆ ಯಾವ ಜೋಡಣೆಯೂ ಇದನ್ನು ಮುಟ್ಟುವುದಿಲ್ಲ.

ಕಾರಣ ಸರಳ. a ≥ b, x ≥ y ಇರಲಿ. ನೇರ ಜೋಡಣೆಯಿಂದ ಅಡ್ಡ ಜೋಡಣೆಯನ್ನು ಕಳೆಯಿರಿ:

(ax + by) − (ay + bx) = (a − b)(x − y)

ಬಲಗಡೆ ಇರುವುದು ವ್ಯತ್ಯಾಸಗಳು ಮಾತ್ರ. ಎರಡೂ ಸೊನ್ನೆ ಅಥವಾ ಹೆಚ್ಚು. a, b ಧನವೋ ಋಣವೋ ಅನ್ನುವ ಪ್ರಶ್ನೆಯೇ ಏಳುವುದಿಲ್ಲ. ಉದ್ದದ ಪಟ್ಟಿಯಲ್ಲೂ ಅಡ್ಡ ಬಿದ್ದ ಜೋಡಿಗಳನ್ನು ಒಂದೊಂದಾಗಿ ನೇರ ಮಾಡುತ್ತಾ ಹೋದರೆ ಮೊತ್ತ ಎಲ್ಲೂ ಇಳಿಯುವುದಿಲ್ಲ.

ಮೈನಸ್ ನಿಜಕ್ಕೂ ಕಾಟ ಕೊಡುವುದು ಮೂರು ಪಟ್ಟಿ ಇದ್ದಾಗ. ಮೂರರಲ್ಲೂ −2, 1 ಇರಲಿ. ಕ್ರಮವಾಗಿ ಗುಣಿಸಿ ಕೂಡಿದರೆ −8 + 1 = −7. ಮೂರನೆಯದನ್ನು ಮಾತ್ರ ತಿರುಗಿಸಿದರೆ 4 − 2 = 2, ಅದೇ ಜಾಸ್ತಿ. 'ಋಣ ಸಂಖ್ಯೆ ಇರಬಾರದು' ಅನ್ನುವ ಷರತ್ತು ಬೇಕಾಗುವುದು ಇಲ್ಲಿ.