ಒರಲೆ ತಿಂದ ಫೋಟೋಕ್ಕೆ ಅಡಿಬರಹ

ಕಾಸರಗೋಡಿನ ನಮ್ಮ ಮನೆಯ ಆಲ್ಬಮ್‌ಗೆ ಒರಲೆ ಹಿಡಿದಿತ್ತು. ಪೂರ್ತಿ ತಿಂದದ್ದು ಒಂದೇ ಫೋಟೋ, ನಾನು ಚಿಕ್ಕವನಿದ್ದಾಗ ರಜೆಯಲ್ಲಿ ಬೇಕಲ ಕೋಟೆಗೆ ಹೋದದ್ದು. ಪಕ್ಕದ ಮದುವೆ ಫೋಟೋಗಳು ಅದಕ್ಕೆ ರುಚಿಸಲಿಲ್ಲ ಅಂತ ಕಾಣುತ್ತದೆ. "ಜಾಗ ಖಾಲಿ ಬಿಡಬೇಡ. ಅಲ್ಲಿ ಏನಿತ್ತು ಅಂತ ಎರಡು ಸಾಲು ಬರೆದಿಡು" ಎಂದರು ಅಮ್ಮ.

ಐದು ನಿಮಿಷದ ಕೆಲಸ ಅಂದುಕೊಂಡೆ. "ಬೇಕಲದ ಸಂಜೆ. ಮುಳುಗುವ ಸೂರ್ಯನ ಮುಂದೆ ಅಪ್ಪ, ಅಮ್ಮ, ಚಿಕ್ಕಮ್ಮ, ನಾನು. ಎಲ್ಲರ ಮುಖದಲ್ಲೂ ಸಂತೋಷ." ಇಷ್ಟಕ್ಕೆ ನಿಲ್ಲಿಸಬಹುದಿತ್ತು. ಕೆಳದಿಯ ಶಿವಪ್ಪ ನಾಯಕ, 17ನೇ ಶತಮಾನ, ಕೆಂಪುಕಲ್ಲಿನ ಗೋಡೆ ಅಂತ ಸುಮ್ನೆ ಇನ್ನಾರು ಸಾಲು ಎಳೆದೆ.

ಅಮ್ಮ ಕನ್ನಡಕ ಏರಿಸಿದರು. "ಶಿವಪ್ಪ ನಾಯಕ ಫೋಟೋದಲ್ಲಿ ಇದ್ದನಾ?"

ಆರು ಸಾಲು ಹೋಯಿತು.

"ಅಪ್ಪ ಇದ್ದರು ಅಂತ ಬರೆದಿದ್ದೀಯಲ್ಲ, ಹಾಗಾದರೆ ಫೋಟೋ ತೆಗೆದದ್ದು ಯಾರು ಮಾರಾಯಾ?"

ಹೌದಲ್ಲ! ಅಪ್ಪ ಕ್ಯಾಮೆರಾವನ್ನು ಇನ್ನೊಬ್ಬರ ಕೈಗೆ ಕೊಟ್ಟವರೇ ಅಲ್ಲ. ಆದರೆ ನನ್ನ ನೆನಪಿನಲ್ಲಿ ಅವರು ಬಲಗಡೆ ನೀಲಿ ಅಂಗಿ ಹಾಕಿ ನಿಂತೇ ಇದ್ದಾರೆ. ಆಲ್ಬಮ್ ತಿರುಗಿಸಿ ನೋಡಿದರೆ ಆ ನೀಲಿ ಅಂಗಿ ಎದುರಿನ ಪುಟದ ಮದುವೆ ಫೋಟೋದಲ್ಲಿದೆ! ಮದುವೆ ಊಟದಿಂದ ಅಪ್ಪನನ್ನು ಎಬ್ಬಿಸಿ ನಾನೇ ಬೇಕಲಕ್ಕೆ ಕರೆತಂದಿದ್ದೆ.

ಸಂಜೆಯೂ ಉಳಿಯಲಿಲ್ಲ. ಎಲ್ಲರೂ ಬಿಸಿಲಿಗೆ ಕಣ್ಣು ಕಿರಿದು ಮಾಡಿ ನಿಂತಿದ್ದರು ಎಂಬುದು ಅಮ್ಮನಿಗೆ ಚೆನ್ನಾಗಿ ನೆನಪಿದೆ. ಬೆನ್ನ ಹಿಂದೆ ಕಡಲು ಇತ್ತು ಎಂಬುದು ಇಬ್ಬರಿಗೂ ನೆನಪಿದೆ. ನಮ್ಮ ಕಡಲು ಪಡುವಣಕ್ಕೆ. ಬಿಸಿಲು ಮುಖಕ್ಕೆ ಹೊಡೆಯಬೇಕಾದರೆ ಸೂರ್ಯ ಮೂಡಣದಲ್ಲಿರಬೇಕು, ಅಂದರೆ ಬೆಳಿಗ್ಗೆ. ಸೂರ್ಯ ಮುಳುಗುತ್ತಿದ್ದರೆ ನಮ್ಮ ಮುಖಗಳೆಲ್ಲ ಕಪ್ಪಾಗಿ ಬರುತ್ತಿದ್ದವು. ಮುಳುಗುವ ಸೂರ್ಯನನ್ನು ನಾನು ಯಾವುದೋ ಕ್ಯಾಲೆಂಡರಿನಿಂದ ಎತ್ತಿಕೊಂಡಿರಬೇಕು.

ವರ್ಷಕ್ಕೆ ಸ್ವಲ್ಪ ಜಗಳವಾಯಿತು. ನಾನು 1993 ಎಂದೆ, ಅಮ್ಮ 1994. ಕೊನೆಗೆ ಎರಡನ್ನೂ ಬರೆಯುವುದೆಂದಾಯಿತು. ತಿಂಗಳಿಗೆ ತಕರಾರಿರಲಿಲ್ಲ, ಚೀಲದಲ್ಲಿದ್ದ ಮಾವಿನಹಣ್ಣು ಮೇ ಎಂದು ಸಾಕ್ಷಿ ಹೇಳಿತು.

ಉಳಿದದ್ದು ಸಂತೋಷ. "ಸಂತೋಷ ಎಲ್ಲಿತ್ತು?" ಎಂದರು ಅಮ್ಮ. "ನಿನಗೆ ಹಸಿವು. ನನಗೆ ಚೀಲದ ಭಾರ. ಗಾಳಿಗೆ ಚಿಕ್ಕಮ್ಮನ ಸೆರಗು ಹಾರಿ ಮುಖಕ್ಕೆ ಸುತ್ತಿಕೊಂಡಿತ್ತು. ಅಪ್ಪ ನಗು ತಡೆಯಲಾಗದೆ ಹಾಗೆಯೇ ತೆಗೆದರು." ಸಂತೋಷ ಎಂಬ ಪದ ಹೊಡೆದುಹಾಕಿ ಸೆರಗು ಬರೆದೆ. ಅವತ್ತಿನ ಗಾಳಿ ಈಗ ಬೀಸಿತು ನೋಡಿ.

ಆಲ್ಬಮ್‌ನಲ್ಲಿ ಈಗ ಇರುವುದು ಇಷ್ಟು: "ಬೇಕಲ ಕೋಟೆ, ಮೇ 1993 ಅಥವಾ 1994, ಬೆಳಿಗ್ಗೆ. ಅಮ್ಮ (ಮಾವಿನಹಣ್ಣಿನ ಚೀಲದೊಂದಿಗೆ), ಹಸಿದ ನಾನು, ಗಾಳಿಗೆ ಸೆರಗು ಮುಖಕ್ಕೆ ಸುತ್ತಿಕೊಂಡ ಚಿಕ್ಕಮ್ಮ. ಫೋಟೋ ತೆಗೆದು ನಗುತ್ತಿರುವವರು ಅಪ್ಪ. ನೆನಪಿನಿಂದ ಬರೆದದ್ದು."

ಮೊನ್ನೆ ಚಿಕ್ಕಮ್ಮ ಬಂದಾಗ ತೋರಿಸಿದೆ. ಖಾಲಿ ಜಾಗವನ್ನೇ ಸ್ವಲ್ಪ ಹೊತ್ತು ನೋಡಿದರು.

"ಇದರಲ್ಲಿ ನನ್ನ ಮುಖವೇ ಕಾಣುವುದಿಲ್ಲ" ಎಂದರು.

"ಫೋಟೋ ಇದ್ದಾಗಲೂ ಕಾಣುತ್ತಿರಲಿಲ್ಲ ಚಿಕ್ಕಮ್ಮ."