14,500 ರೂಪಾಯಿ ಅನುಮಾನಕ್ಕೆ ಇಡೀ ಅಕೌಂಟ್ ಯಾಕ್ರೀ ಫ್ರೀಜ್ ಮಾಡ್ತೀರಿ?

ದಾವಣಗೆರೆಯಲ್ಲಿ ನನ್ನದು ಸೆಕೆಂಡ್ ಹ್ಯಾಂಡ್ ಮೊಬೈಲ್ ಅಂಗಡಿ. ಒಬ್ಬ ಹುಡುಗ 14,500 ರೂಪಾಯಿ ಯುಪಿಐ ಮಾಡಿ ಫೋನ್ ತೊಗೊಂಡು ಹೋದ. ಆ ಒಂದು ಪೇಮೆಂಟಿಗೆ ನನ್ನ ಕರೆಂಟ್ ಅಕೌಂಟ್ ಪೂರ್ತಿ ಫ್ರೀಜ್ ಆಯಿತು. ಅದರಲ್ಲಿ ಎರಡು ಲಕ್ಷಕ್ಕೂ ಜಾಸ್ತಿ ದುಡ್ಡಿತ್ತು. ಸ್ಟಾಕ್ ಕೊಡುವವರಿಗೆ ಬರೆದ ಚೆಕ್ ವಾಪಸ್ ಬಂತು. ಇಷ್ಟು ವರ್ಷ ಒಂದು ಮಾತು ಬರದಂತೆ ವ್ಯಾಪಾರ ಮಾಡಿದವನು ಈಗ ಅವರ ಮುಂದೆ ಕಳ್ಳನ ಹಾಗೆ ನಿಲ್ಲಬೇಕಾಯಿತು.

ಬ್ಯಾಂಕಿನಲ್ಲಿ ಕೇಳಿದರೆ ಒಂದೇ ಮಾತು, 'ಸೈಬರ್ ಕ್ರೈಮ್ ಹೋಲ್ಡ್ ಸರ್, ಪೊಲೀಸರನ್ನು ಕೇಳಿ.' ಯಾವ ಊರಿನ ಪೊಲೀಸರು? ಯಾವ ಕಂಪ್ಲೇಂಟು? ಎಷ್ಟು ದುಡ್ಡಿಗೆ? ಸ್ಕ್ರೀನ್ ಮೇಲೆ ಎಲ್ಲಾ ಕಾಣುತ್ತಿದ್ದರೂ ಬಾಯಿ ಬಿಡುವುದಿಲ್ಲ. ಕೊನೆಗೆ ಬರವಣಿಗೆಯಲ್ಲಿ ಅರ್ಜಿ ಕೊಟ್ಟು, ಸೀಲ್ ಹಾಕಿಸಿಕೊಂಡ ಮೇಲೆ ಕೊಟ್ಟರು: ದೂರಿನ ಅಕ್ನಾಲೆಜ್‌ಮೆಂಟ್ ನಂಬರ್, ಬೇರೆ ರಾಜ್ಯದ ಒಂದು ಠಾಣೆಯ ಇಮೇಲ್, ಅನುಮಾನದ ಮೊತ್ತ, ಆ ಪೇಮೆಂಟನ್ನು ಗುರುತಿಸುವ ಯುಟಿಆರ್ ನಂಬರ್.

ತನಿಖಾಧಿಕಾರಿ ಫೋನಿನಲ್ಲಿ ಹೇಳಿದ ಮೇಲೆ ಕಥೆ ಗೊತ್ತಾಯಿತು. ಆ ರಾಜ್ಯದಲ್ಲಿ ಯಾರೋ ಶೇರು ಹೂಡಿಕೆ ಅಂತ ನಂಬಿ ದುಡ್ಡು ಕಳೆದುಕೊಂಡಿದ್ದಾರೆ. ಅದು ಬಾಡಿಗೆಗೆ ತೆಗೆದುಕೊಂಡ ಅಕೌಂಟಿಗೆ ಹೋಗಿದೆ. ಬೆಟ್ಟಿಂಗ್ ಆ್ಯಪಿನವರು ಅದೇ ಅಕೌಂಟಿನಿಂದ ಗೆದ್ದವರಿಗೆ ದುಡ್ಡು ಹಾಕುತ್ತಾರೆ. ನನ್ನ ಹತ್ತಿರ ಫೋನ್ ಕೊಂಡವನು ಹಾಗೆ ಗೆದ್ದವನು. ಅವನಿಂದ ನನಗೆ ಬಂತು. ಕಳೆದುಕೊಂಡವರು ಸೈಬರ್ ಸಹಾಯವಾಣಿ 1930ಕ್ಕೆ ಫೋನ್ ಮಾಡಿದ ಕೂಡಲೇ ದೂರು ಸೈಬರ್ ಕ್ರೈಮ್ ಪೋರ್ಟಲ್‌ನಲ್ಲಿ ಬ್ಯಾಂಕಿನಿಂದ ಬ್ಯಾಂಕಿಗೆ ದಾಟುತ್ತದೆ. ದುಡ್ಡು ಎಲ್ಲೆಲ್ಲಿ ಹೋಗಿದೆಯೋ ಅಲ್ಲಲ್ಲಿ ತಡೆಯುತ್ತಾರೆ. ತಡೆಯಲಿ, ಬೇಡ ಅನ್ನುವುದಿಲ್ಲ. ತಡ ಮಾಡಿದರೆ ಪಾಪ ಕಳೆದುಕೊಂಡವರಿಗೆ ಬಿಡಿಗಾಸೂ ಸಿಗುವುದಿಲ್ಲ. ಆದರೆ 14,500ಕ್ಕೆ ಲೀನ್ ಹಾಕಿ, ಅಷ್ಟು ದುಡ್ಡನ್ನು ಮಾತ್ರ ಹಿಡಿದಿಟ್ಟರೆ ಸಾಕಿತ್ತಲ್ವಾ? ದೆಹಲಿಯಲ್ಲಿ ಛೋಲೆ ಭಟೂರೆ ಮಾರುವವರೊಬ್ಬರ ಅಕೌಂಟನ್ನು 105 ರೂಪಾಯಿಗೆ ಹೀಗೇ ಮುಚ್ಚಿದ್ದರು. ಅಕೌಂಟ್ ತೆರೆಯಿರಿ, ಆ 105 ಮಾತ್ರ ಹಿಡಿದಿಡಿ ಎಂದು ಹೈಕೋರ್ಟೇ ಹೇಳಬೇಕಾಯಿತು.

ಇನ್ನೊಂದು ಬಗೆಯ ಫ್ರೀಜ್ ಇದೆ. ಗೊತ್ತಿಲ್ಲದ ಹತ್ತಾರು ಜನರಿಂದ ದುಡ್ಡು ಬಂದು, ಬಂದ ಹಾಗೇ ಹೊರಗೆ ಹೋಗುತ್ತಿದ್ದರೆ ಬ್ಯಾಂಕಿಗೇ ಅನುಮಾನ ಬರುತ್ತದೆ. ಆಗ ಅವರೇ ವಿವರ ಕೇಳುತ್ತಾರೆ, ಒಪ್ಪಿಗೆಯಾದರೆ ಅವರೇ ತೆಗೆಯುತ್ತಾರೆ. ಪೊಲೀಸ್ ಹೋಲ್ಡ್ ಆದರೆ ಬ್ಯಾಂಕ್ ತಾನಾಗಿ ತೆಗೆಯುವಂತಿಲ್ಲ. ನಿಮ್ಮದು ಯಾವುದು ಅಂತ ಮೊದಲು ಕೇಳಿ. ಇಲ್ಲದಿದ್ದರೆ ಸುಮ್ನೆ ತಪ್ಪು ಬಾಗಿಲು ತಟ್ಟುತ್ತಿರುತ್ತೀರಿ.

ನಾನು ತನಿಖಾಧಿಕಾರಿಗೆ ಕಳಿಸಿದ ದಾಖಲೆ ಜಾಸ್ತಿ ಏನಿಲ್ಲ. ಐಎಂಇಐ ನಂಬರ್ ಬರೆದ ಬಿಲ್ಲು, ನಾನು ಆ ಫೋನ್ ಕೊಂಡಾಗಿನ ರಸೀದಿ, ಹುಡುಗನ ಗುರುತಿನ ಚೀಟಿಯ ಜೆರಾಕ್ಸ್, ಅಂಗಡಿ ಲೈಸೆನ್ಸ್, ಪ್ಯಾನ್, ಆ ಎಂಟ್ರಿಗೆ ಗುರುತು ಹಾಕಿದ ಬ್ಯಾಂಕ್ ಸ್ಟೇಟ್‌ಮೆಂಟ್. ಜೊತೆಗೆ ಒಂದು ಪುಟದ ಪತ್ರ: ಈ ಯುಟಿಆರ್‌ನ ದುಡ್ಡು ಈ ಫೋನಿನ ಬೆಲೆ, ವಿವಾದದ ಮೊತ್ತ ಬಿಟ್ಟು ಉಳಿದದ್ದನ್ನು ತೆರೆಯಲು ಬ್ಯಾಂಕಿಗೆ ಬರೆಯಿರಿ. ಅದರ ಪ್ರತಿ ಬ್ಯಾಂಕಿನ ನೋಡಲ್ ಅಧಿಕಾರಿಗೂ ಹೋಯಿತು. ಅದಾದ ಮೇಲೆಯೇ ಅಕೌಂಟ್ ತೆರೆದದ್ದು, 14,500ರ ಮೇಲೆ ಮಾತ್ರ ಲೀನ್ ಉಳಿಯಿತು.

ನಡುವೆ ಒಬ್ಬ ಫೋನ್ ಮಾಡಿ, ಹತ್ತು ಸಾವಿರ ಕೊಟ್ಟರೆ ಅನ್‌ಫ್ರೀಜ್ ಮಾಡಿಸುತ್ತೇನೆ ಅಂದ. ನಂಬಬೇಡಿ. ದುಡ್ಡನ್ನು ಹಾಕಿದವನಿಗೇ ವಾಪಸ್ ಕೊಟ್ಟು ಕೈ ತೊಳೆದುಕೊಳ್ಳಲೂ ಹೋಗಬೇಡಿ, ಅದರಿಂದ ಹೋಲ್ಡ್ ಹೋಗುವುದಿಲ್ಲ. ನೀವೇ ಆ್ಯಪಿನಲ್ಲಿ ಆಡಿ ಗೆದ್ದ ದುಡ್ಡಾಗಿದ್ದರೆ 'ಸ್ನೇಹಿತ ಕೊಟ್ಟ ಸಾಲ' ಅಂತ ಸುಳ್ಳು ಪತ್ರ ಹುಟ್ಟಿಸಬೇಡಿ. ಆ್ಯಪಿನ ಡೆಪಾಸಿಟ್, ವಿತ್‌ಡ್ರಾ ದಾಖಲೆಗಳನ್ನು ತೆಗೆದುಕೊಂಡು ವಕೀಲರ ಹತ್ತಿರ ಹೋಗಿ. ಸುಳ್ಳು ದಾಖಲೆ ಕೊಟ್ಟರೆ ಅದೇ ಇನ್ನೊಂದು ಕೇಸಾಗುತ್ತದೆ.

ನಾಗರಿಕ ಸುರಕ್ಷಾ ಸಂಹಿತೆಯ ಸೆಕ್ಷನ್ 106ರಲ್ಲಿ ಹೀಗೆ ಹಿಡಿದಿಟ್ಟರೆ ಪೊಲೀಸರು ಮ್ಯಾಜಿಸ್ಟ್ರೇಟರಿಗೆ ವರದಿ ಕೊಡಬೇಕು. ಯಾವ ಕೋರ್ಟಿಗೆ ಕೊಟ್ಟಿದ್ದೀರಿ ಅಂತ ಎಷ್ಟು ಮೇಲ್ ಹಾಕಿದರೂ ಜವಾಬಿಲ್ಲ. ಲೀನ್‌ನಲ್ಲಿ ಉಳಿದ ಆ 14,500ಕ್ಕೆ ಸೆಕ್ಷನ್ 503ರಲ್ಲಿ ಆ ರಾಜ್ಯದ ಕೋರ್ಟಿಗೇ ಅರ್ಜಿ ಹಾಕಬೇಕಂತೆ. ಅಲ್ಲಿ ವಕೀಲರನ್ನು ಇಟ್ಟು, ಓಡಾಡಿ, ನನ್ನದೇ ಫೋನ್ ಮಾರಿದ ದುಡ್ಡನ್ನು ಬಿಡಿಸಿಕೊಳ್ಳಲು ಅದಕ್ಕಿಂತ ಜಾಸ್ತಿ ಖರ್ಚು ಮಾಡಬೇಕಾ? ದೂರು ಒಂದು ಕ್ಲಿಕ್‌ನಲ್ಲಿ ದಾವಣಗೆರೆಗೆ ಬರುತ್ತದೆ ಅಂದರೆ, ನನ್ನ ದಾಖಲೆ ಅದೇ ಪೋರ್ಟಲ್‌ನಲ್ಲಿ ಅಲ್ಲಿಗೆ ಯಾಕೆ ಹೋಗಬಾರದು?