ಸಂಜೆ ನಾಲ್ಕು ಗಂಟೆಯ ಲೆಕ್ಕ

ಶಾಲೆ ಬಿಡುವುದು ಸಂಜೆ ನಾಲ್ಕೂವರೆಗೆ ಎಂದು ಕನ್ನಡದಲ್ಲಿ ಹೇಳಿದರೆ ಯಾರಿಗೂ ವಿಚಿತ್ರವೆನಿಸುವುದಿಲ್ಲ. ಅದನ್ನೇ ಇಂಗ್ಲಿಷಿನಲ್ಲಿ 'ಫೋರ್ ಥರ್ಟಿ ಇನ್ ದಿ ಈವ್ನಿಂಗ್' ಎಂದರೆ ಲಂಡನ್ನಿನವನು ಹುಬ್ಬೇರಿಸುತ್ತಾನೆ, ಏಕೆಂದರೆ ಅವನ ಪಾಲಿಗೆ ಅದು ಇನ್ನೂ ಆಫ್ಟರ್‌ನೂನ್. ನಮ್ಮ ಇಂಗ್ಲಿಷ್ ತಪ್ಪು ಎಂದು ಇದನ್ನು ತಿದ್ದುವವರು ಬಹಳ ಮಂದಿ ಇದ್ದಾರೆ. ಆದರೆ ಆ ಮಾತಿನ ಅಡಿಯಲ್ಲಿರುವುದು ಕನ್ನಡದ ದಿನವಿಭಾಗ, ಮತ್ತು ಅದಕ್ಕೆ ಅದರದೇ ಆದ ಲೆಕ್ಕವಿದೆ. ಆ ಲೆಕ್ಕವನ್ನು ಗಮನಿಸದೆ ಮಾರ್ನಿಂಗ್ ಎಂದರೆ ಬೆಳಗ್ಗೆ, ಆಫ್ಟರ್‌ನೂನ್ ಎಂದರೆ ಮಧ್ಯಾಹ್ನ, ಈವ್ನಿಂಗ್ ಎಂದರೆ ಸಂಜೆ ಎಂದು ಸಾಲಾಗಿ ಜೋಡಿಸಿಬಿಡುವುದೇ ಇಂದು ನಮ್ಮ ಫೋನುಗಳಲ್ಲಿ, ಆ್ಯಪ್‌ಗಳಲ್ಲಿ, ಆಮಂತ್ರಣಗಳಲ್ಲಿ ಕಾಣುವ ಹಲವು ಎಡವಟ್ಟುಗಳ ಮೂಲ ಎಂಬುದು ನನ್ನ ಅಭಿಪ್ರಾಯ.

ಇಂಗ್ಲಿಷಿನ ಹಗಲು ನಿಂತಿರುವುದು ನೂನ್ ಎಂಬ ಒಂದೇ ಗೂಟದ ಮೇಲೆ. ಅದಕ್ಕೆ ಮೊದಲಿನದು ಮಾರ್ನಿಂಗ್, ಅದರ ನಂತರದ್ದು ಆಫ್ಟರ್‌ನೂನ್. ತಮಾಷೆಯೆಂದರೆ ಆ ಗೂಟವೂ ಒಂದು ಕಾಲದಲ್ಲಿ ಬೇರೆ ಕಡೆ ಇತ್ತು. ಲ್ಯಾಟಿನ್ನಿನಲ್ಲಿ ಒಂಬತ್ತನೆಯ ತಾಸು ಎಂಬ ಅರ್ಥದ 'ನೋನಾ' ಎಂಬ ಮಾತಿನಿಂದ ಬಂದ ನೂನ್, ಮೊದಲು ಸೂಚಿಸುತ್ತಿದ್ದುದು ಇಂದಿನ ಮೂರು ಗಂಟೆಯ ಸುಮಾರನ್ನು. ಮಧ್ಯಯುಗದಲ್ಲಿ ಅದು ಹನ್ನೆರಡಕ್ಕೆ ಸರಿದು ನೆಲೆನಿಂತಿತು. ಇನ್ನು ಈವ್ನಿಂಗ್ ಸೂರ್ಯನ ಹಿಡಿತದಿಂದ ಬಹುಮಟ್ಟಿಗೆ ಬಿಡಿಸಿಕೊಂಡಿದೆ. ಹಾಗಾಗಲೇಬೇಕಿತ್ತು. ಲಂಡನ್ನಿನಲ್ಲಿ ಡಿಸೆಂಬರಿನ ಸೂರ್ಯ ನಾಲ್ಕು ಗಂಟೆಗೂ ಮೊದಲೇ ಮುಳುಗಿದರೆ ಜೂನ್ ತಿಂಗಳಿನಲ್ಲಿ ಒಂಬತ್ತು ಗಂಟೆ ದಾಟಿದರೂ ಬೆಳಕಿರುತ್ತದೆ. ಅಷ್ಟೊಂದು ಓಲಾಡುವ ಸೂರ್ಯನಿಗೆ ಒಂದು ಪದವನ್ನು ಕಟ್ಟಿಹಾಕುವುದು ಕಷ್ಟ.

ಬೆಂಗಳೂರಿನಲ್ಲಿ ವರ್ಷದುದ್ದಕ್ಕೂ ಸೂರ್ಯ ಮುಳುಗುವ ಸಮಯ ಆರಕ್ಕೆ ಹತ್ತು ನಿಮಿಷವಿರುವುದರಿಂದ ಏಳಕ್ಕೆ ಹತ್ತು ನಿಮಿಷವಿರುವವರೆಗೆ, ಅಂದರೆ ಹೆಚ್ಚೆಂದರೆ ಒಂದು ಗಂಟೆಯಷ್ಟು ಮಾತ್ರ ಅತ್ತಿತ್ತ ಆಗುತ್ತದೆ. ಆದ್ದರಿಂದ ಕನ್ನಡದ ಪದಗಳು ಸೂರ್ಯನನ್ನು ಬಿಡುವ ಅಗತ್ಯವೇ ಬರಲಿಲ್ಲ. ನಮ್ಮಲ್ಲಿ ಹೊತ್ತು ಎಂದರೆ ಸೂರ್ಯನೂ ಹೌದು, ಸಮಯವೂ ಹೌದು. ಹೊತ್ತು ಮೂಡುತ್ತದೆ, ಏರುತ್ತದೆ, ನೆತ್ತಿಗೆ ಬರುತ್ತದೆ, ಇಳಿಯುತ್ತದೆ, ಮುಳುಗುತ್ತದೆ. ಊಟಕ್ಕೆ ಹೊತ್ತಾಗುವುದೂ ಅದೇ ಹೊತ್ತು. ದಕ್ಷಿಣ ಕನ್ನಡ, ಕಾಸರಗೋಡಿನ ಹವ್ಯಕರು ಬೆಳಗ್ಗೆಗೆ 'ಉದಿಯಪ್ಪಗ' ಎಂದೂ ಸಂಜೆಗೆ 'ಹೊತ್ತೋಪಗ' ಎಂದೂ ಹೇಳುತ್ತಾರೆ: ಉದಯವಾಗುವಾಗ, ಹೊತ್ತು ಹೋಗುವಾಗ. ಆ ಮಾತುಗಳಲ್ಲಿ ಗಡಿಯಾರಕ್ಕೆ ಜಾಗವೇ ಇಲ್ಲ.

ಹಾಗಾದರೆ ನಮ್ಮ ಸಂಜೆ ನಾಲ್ಕಕ್ಕೇ ಏಕೆ ಶುರುವಾಗುತ್ತದೆ? ಪದದ ಹುಟ್ಟು ನೋಡಿದರೆ ಹಾಗಾಗಬಾರದಿತ್ತು. ಸಂಜೆ ಎಂಬುದು ಸಂಸ್ಕೃತದ ಸಂಧ್ಯಾ ಎಂಬುದರ ತದ್ಭವ. ಸಂಧ್ಯಾ ಎಂದರೆ ಹಗಲಿರುಳುಗಳು ಕೂಡುವ ಹೊತ್ತು, ಅದು ನಸುಕಿನಲ್ಲೂ ಉಂಟು. ಕನ್ನಡದಲ್ಲಿ ಅದು ಒಂದು ಕಡೆ ಕುಗ್ಗಿ ಪಶ್ಚಿಮದ ಸಂಧಿಗೆ ಮಾತ್ರ ಮೀಸಲಾಯಿತು, ಇನ್ನೊಂದು ಕಡೆ ಹಿಗ್ಗಿ ಮುಳುಗುವುದಕ್ಕೆ ಎರಡೂವರೆ ಗಂಟೆ ಮೊದಲೇ ಆರಂಭವಾಯಿತು. ನಿಜವಾಗಿ ಕೂಡುವ ಹೊತ್ತನ್ನು ಹೇಳಬೇಕಾದಾಗ ನಾವು ಮುಸ್ಸಂಜೆ ಎನ್ನುತ್ತೇವೆ. ಹಳೆಯ ಬೈಗು ಎಂಬ ಪದ ಈಗ ಕವಿತೆಗಳಲ್ಲಷ್ಟೇ ಉಳಿದಿದೆ, ಅದರ ನಂಟಿನ 'ಬಯ್ಯ' ತುಳುವಿನಲ್ಲಿ ಇಂದಿಗೂ ದಿನಬಳಕೆಯ ಮಾತು.

ಈ ಹಿಗ್ಗಿದ ಸಂಜೆಗೆ ಸರಿಹೊಂದುವ ಲೆಕ್ಕವೊಂದು ಪಂಚಾಂಗದಲ್ಲಿದೆ. ಧರ್ಮಶಾಸ್ತ್ರದವರು ಹಗಲನ್ನು ಪ್ರಾತಃ, ಸಂಗವ, ಮಧ್ಯಾಹ್ನ, ಅಪರಾಹ್ನ, ಸಾಯಾಹ್ನ ಎಂದು ಐದು ಸಮಪಾಲು ಮಾಡುತ್ತಾರೆ. ಮಾರ್ಚ್ 20ರ ಸುಮಾರಿನ ಬೆಂಗಳೂರಿನ ಹಗಲನ್ನೇ ತೆಗೆದುಕೊಳ್ಳಿ. ಸೂರ್ಯೋದಯ ಹೆಚ್ಚುಕಡಿಮೆ 6.20, ಸೂರ್ಯಾಸ್ತ 6.30 ಎಂದಿಟ್ಟುಕೊಂಡರೆ ಹಗಲಿನ ಉದ್ದ ಹನ್ನೆರಡು ಗಂಟೆ ಹತ್ತು ನಿಮಿಷ, ಒಂದೊಂದು ಪಾಲಿಗೆ ಎರಡು ಗಂಟೆ ಇಪ್ಪತ್ತಾರು ನಿಮಿಷ. ಹೀಗೆ ಕೂಡುತ್ತ ಹೋದರೆ ಮಧ್ಯಾಹ್ನ 11.12ಕ್ಕೆ ಹಿಡಿದು 1.38ಕ್ಕೆ ಮುಗಿಯುತ್ತದೆ, ಅಪರಾಹ್ನ 4.04ರವರೆಗೆ ನಡೆಯುತ್ತದೆ, ಅಲ್ಲಿಂದ ಮುಂದೆ ಸಾಯಾಹ್ನ. ಹಳ್ಳಿಯಲ್ಲಿ ನಾಲ್ಕಕ್ಕೆ ಸಂಜೆ ಎನ್ನುವ ಅಜ್ಜಿ ಈ ಭಾಗಾಕಾರ ಮಾಡಿದವಳಲ್ಲ. ಬಿಸಿಲಿನ ಕಾವು ಇಳಿಯುವುದು, ನೆರಳು ಉದ್ದವಾಗುವುದು ಆ ಹೊತ್ತಿಗೇ ಆದ್ದರಿಂದ ಎರಡೂ ಒಂದೇ ಕಡೆ ಬಂದು ನಿಲ್ಲುತ್ತವೆ ಎಂದಷ್ಟೇ ನಾನು ಹೇಳಬಲ್ಲೆ. ಭಾರತೀಯ ಕಾಲಮಾನವೂ ಇದಕ್ಕೆ ಸ್ವಲ್ಪ ಕೈಜೋಡಿಸಿದೆ. ಅದನ್ನು ಅಳೆಯುವುದು 82.5 ಡಿಗ್ರಿ ಪೂರ್ವ ರೇಖಾಂಶದಿಂದ, ಬೆಂಗಳೂರು ಇರುವುದು 77.6ರಲ್ಲಿ, ಹೀಗಾಗಿ ಇಲ್ಲಿ ಸೂರ್ಯ ನೆತ್ತಿಗೆ ಬರುವುದು ಸರಾಸರಿ 12.20ಕ್ಕೆ. ಗಡಿಯಾರದ ಹನ್ನೆರಡು ನಮ್ಮ ನಡುಹಗಲೇ ಅಲ್ಲ.

ಈ ಐದು ಪಾಲುಗಳಲ್ಲಿ ಸಂಗವ ಜನರ ಬಾಯಿಗೆ ಬರಲೇ ಇಲ್ಲ, ಅಪರಾಹ್ನ ಕರಾವಳಿಯ ಪತ್ರಿಕೆಗಳಲ್ಲಿ ಮತ್ತು ಆಮಂತ್ರಣಗಳಲ್ಲಿ 'ಅಪರಾಹ್ನ 3 ಗಂಟೆಗೆ' ಎಂದು ಉಳಿದುಕೊಂಡಿತು, ಉಳಿದ ಕಡೆ ಮಧ್ಯಾಹ್ನವೇ ಅದರ ಜಾಗವನ್ನೂ ನುಂಗಿತು. ಆದ್ದರಿಂದ ಇಂದಿನ ಮಾತಿನಲ್ಲಿ ಮಧ್ಯಾಹ್ನ ಎಂದರೆ ಹನ್ನೆರಡರಿಂದ ಮೂರೂವರೆ, ಹೆಚ್ಚೆಂದರೆ ನಾಲ್ಕು. ಅದು ನೂನ್ ಕೂಡ ಹೌದು, ಆಫ್ಟರ್‌ನೂನಿನ ಮುಕ್ಕಾಲು ಪಾಲೂ ಹೌದು. ಕಟ್ಟುನಿಟ್ಟಾಗಿ ನಡುಹಗಲನ್ನೇ ಹೇಳಬೇಕಿದ್ದರೆ ಮಟಮಟ ಮಧ್ಯಾಹ್ನ ಎಂದು ಒತ್ತಿ ಹೇಳಬೇಕು.

ಬೆಳಗಿನ ತುದಿಯಲ್ಲಿ ತೊಡಕು ಬೇರೆ ಬಗೆಯದು. ಇಂಗ್ಲಿಷಿನವರು ನಡುರಾತ್ರಿ ದಾಟಿದ ಎರಡು ಗಂಟೆಯನ್ನೂ 'ಟೂ ಇನ್ ದಿ ಮಾರ್ನಿಂಗ್' ಎನ್ನಬಲ್ಲರು. ಕನ್ನಡದಲ್ಲಿ 'ಬೆಳಗ್ಗೆ ಎರಡು ಗಂಟೆ' ಎಂಬುದು ಇಲ್ಲವೇ ಇಲ್ಲ, ಅದು ರಾತ್ರಿ ಎರಡು. ಮೂರು ದಾಟಿದ ಮೇಲೆ ಬೆಳಗಿನ ಜಾವ. ಜಾವ ಎಂಬುದು ಯಾಮದ ತದ್ಭವ, ಅಹೋರಾತ್ರಿಯ ಎಂಟನೆಯ ಒಂದು ಪಾಲು, ಮೂರು ಗಂಟೆ. ಇರುಳಿನ ಕೊನೆಯ ಜಾವ ಮೂರರಿಂದ ಆರರವರೆಗೆ. ಆಮೇಲೆ ಬೆಳಗ್ಗೆ. ಬೆಂಗಳೂರಿನವರಿಗೆ ಮುಂಜಾನೆ ಎಂದರೆ ಇಬ್ಬನಿಯ ಹೊತ್ತಿನ ಕಾವ್ಯಮಯ ಪದವಾದರೆ, ಧಾರವಾಡದ ಕಡೆ 'ಮುಂಜಾನೆ ಹತ್ತಕ್ಕ ಬರ್ರಿ' ಎಂಬುದು ತೀರ ಸಾಮಾನ್ಯ ಮಾತು. ಇನ್ನು ಗುಡ್ ಮಾರ್ನಿಂಗ್‌ಗೆ ನಾವು ಕಟ್ಟಿಕೊಂಡ ಶುಭೋದಯ ಹನ್ನೊಂದೂವರೆಗೆ ಬಂದಾಗ ನನಗಂತೂ ನಗು ಬರುತ್ತದೆ. ಅಷ್ಟು ಹೊತ್ತಿಗೆ ಯಾವ ಉದಯ?

ನಿಜವಾದ ಪೆಟ್ಟು ಬೀಳುವುದು ಪೂರ್ವಾಹ್ನದಿಂದ. ಸಾಫ್ಟ್‌ವೇರುಗಳಿಗೆ ಭಾಷಾವಾರು ದಿನಾಂಕ, ಸಮಯಗಳ ಮಾಹಿತಿ ಒದಗಿಸುವ ಯೂನಿಕೋಡ್‌ನ ಸಿಎಲ್‌ಡಿಆರ್ ಭಂಡಾರದಲ್ಲಿ ಎಎಂ, ಪಿಎಂಗಳಿಗೆ ಕನ್ನಡದ ಸಾಟಿಯಾಗಿ ಪೂರ್ವಾಹ್ನ, ಅಪರಾಹ್ನ ಎಂದಿದೆ. ಎಎಂ ಎಂಬುದು ನಡುರಾತ್ರಿಯಿಂದ ನಡುಹಗಲಿನವರೆಗಿನ ಹನ್ನೆರಡು ಗಂಟೆ. ಆದರೆ ಅಹ್ನ ಎಂದರೆ ಹಗಲು. ಪೂರ್ವಾಹ್ನ ಹಗಲಿನ ಮೊದಲ ಭಾಗ. ಅದರಲ್ಲಿ ಇರುಳಿನ ಒಂದು ನಿಮಿಷವೂ ಸೇರಲಾರದು. ನಮ್ಮ ಪರಿಚಯದ ಹಿರಿಯರೊಬ್ಬರಿಗೆ ಮಗ ಹುಬ್ಬಳ್ಳಿಯಿಂದ ಬಸ್ ಟಿಕೆಟ್ ಮಾಡಿಸಿದ್ದ. ಫೋನಿನಲ್ಲಿ ಬಂದ ಕನ್ನಡದ ಸಂದೇಶ: ಮಂಗಳವಾರ, ಪೂರ್ವಾಹ್ನ 12:15. ಬಸ್ಸು ಹೊರಟದ್ದು ಸೋಮವಾರ ರಾತ್ರಿ. ಅವರು ಚೀಲ ಹಿಡಿದು ನಿಲ್ದಾಣಕ್ಕೆ ಹೋದದ್ದು ಮಂಗಳವಾರ ಮಧ್ಯಾಹ್ನ. ಮಗ ಫೋನಿನಲ್ಲಿ ರೇಗಿದಾಗ, "ಪೂರ್ವಾಹ್ನ ಅಂದ್ರ ಹಗಲು ಅಲ್ಲೇನೋ?" ಎಂದು ಅವರು ಕೇಳಿದರಂತೆ. ಕನ್ನಡ ಬಲ್ಲವರಾಗಿ ಅವರು ಓದಿದ್ದು ಸರಿಯಾಗಿಯೇ ಇತ್ತು.

ಆ ಸಂದೇಶದಲ್ಲಿ ಎರಡು ಗೋಜಲುಗಳಿವೆ. ಒಂದು ಪೂರ್ವಾಹ್ನದ್ದು. ಇನ್ನೊಂದು ವಾರದ್ದು. ಪಂಚಾಂಗದ ವಾರ ಬದಲಾಗುವುದು ಸೂರ್ಯೋದಯಕ್ಕೆ, ಗಡಿಯಾರದ ವಾರ ಬದಲಾಗುವುದು ನಡುರಾತ್ರಿಗೆ. ಮಾತಿನಲ್ಲಿ ನಾವಿನ್ನೂ ಬಹುಪಾಲು ಮೊದಲನೆಯದನ್ನೇ ಅನುಸರಿಸುತ್ತೇವೆ, ಸೋಮವಾರ ರಾತ್ರಿ ಒಂದು ಗಂಟೆ ಎಂದರೆ ಸೋಮವಾರ ಉಂಡು ಮಲಗಿದ ಮೇಲಿನ ಒಂದು ಗಂಟೆಯೇ. ಆದರೆ ಜಾವ ಬಂದೊಡನೆ ಮಾತು ಹೊರಳುತ್ತದೆ. ಅದೇ ಇರುಳಿನ ನಾಲ್ಕು ಗಂಟೆ 'ಮಂಗಳವಾರ ಬೆಳಗಿನ ಜಾವ' ಆಗುತ್ತದೆ. ಪೂರ್ವಾಹ್ನವನ್ನು ತೆಗೆದು ರಾತ್ರಿ ಎಂದು ಹಾಕಿದರೆ ಮೊದಲ ಗೋಜಲು ಬಿಡಿಸಿಕೊಳ್ಳುತ್ತದೆ, ಎರಡನೆಯದು ಮಾತ್ರ ಹಾಗೇ ಉಳಿಯುತ್ತದೆ: 'ಮಂಗಳವಾರ ರಾತ್ರಿ 12.15' ಎಂದು ಬರೆದರೆ ಇಡೀ ಒಂದು ದಿನ ತಡವಾಗಿ ಹೋಗುವವರು ಸಿಗುತ್ತಾರೆ. ಅಂಥ ಕಡೆ 'ಸೋಮವಾರ ಮಧ್ಯರಾತ್ರಿ ಕಳೆದು 12.15' ಎಂದು ಬಿಡಿಸಿ ಬರೆಯುವುದೇ ಕ್ಷೇಮ.

ಉಳಿದ ಹೊತ್ತುಗಳಿಗೆ ನನ್ನನ್ನು ಕೇಳಿದರೆ ಮೂರರಿಂದ ಆರರವರೆಗೆ ಬೆಳಗಿನ ಜಾವ, ಹನ್ನೆರಡರವರೆಗೆ ಬೆಳಗ್ಗೆ, ನಾಲ್ಕರವರೆಗೆ ಮಧ್ಯಾಹ್ನ, ಅಲ್ಲಿಂದ ಸಂಜೆ, ಆಮೇಲೆ ಮೂರರವರೆಗೆ ರಾತ್ರಿ ಎಂದು ಇಡುತ್ತೇನೆ. ಇಂಗ್ಲಿಷಿಗಾಗಿ ಅದೇ ಭಂಡಾರದಲ್ಲಿರುವ ಗಡಿಗಳು ಆರು, ಹನ್ನೆರಡು, ಹದಿನೆಂಟು, ಇಪ್ಪತ್ತೊಂದು. ಅವನ್ನು ಹಾಗೆಯೇ ಕನ್ನಡಕ್ಕೆ ಹೊಂದಿಸಿದರೆ 'ಮಧ್ಯಾಹ್ನ ಐದು ಗಂಟೆ', 'ಸಂಜೆ ಎಂಟೂವರೆ', 'ರಾತ್ರಿ ಐದೂವರೆಗೆ ಹಾಲು' ಎಂಬಂಥ, ಕನ್ನಡಿಗರ ಬಾಯಲ್ಲಿ ಬಾರದ ಮಾತುಗಳು ಹುಟ್ಟುತ್ತವೆ. ಪದ ಅಂಕಿಯ ಮುಂದೆಯೇ ಬರಬೇಕು ಎಂಬುದನ್ನೂ ಮರೆಯಬಾರದು. '9 ಬೆಳಗ್ಗೆ' ಎಂದು ಯಾರೂ ಹೇಳುವುದಿಲ್ಲ.

ಸಂಜೆ ಎಲ್ಲಿ ಮುಗಿಯುತ್ತದೆ ಎಂಬುದನ್ನು ಬೇಕೆಂದೇ ಬಿಟ್ಟಿದ್ದೇನೆ. ಏಳು ಗಂಟೆಯ ಕಾರ್ಯಕ್ರಮಕ್ಕೆ 'ಸಂಜೆ 7' ಎಂದೂ ಅಚ್ಚಾಗುತ್ತದೆ, 'ರಾತ್ರಿ 7' ಎಂದೂ ಅಚ್ಚಾಗುತ್ತದೆ, ಎರಡನ್ನೂ ಓದಿದವರು ಒಂದೇ ಹೊತ್ತಿಗೆ ಬಂದು ಕೂರುತ್ತಾರೆ. ಜುಲೈಯಲ್ಲಿ ಏಳಕ್ಕೆ ಇನ್ನೂ ಮಸುಕು ಬೆಳಕಿರುತ್ತದೆ, ನವೆಂಬರಿನಲ್ಲಿ ಕಗ್ಗತ್ತಲು. ಯಂತ್ರಕ್ಕೆ ಒಂದು ಅಂಕಿ ಕೊಡಲೇಬೇಕೆಂದರೆ ಏಳೂವರೆ ಕೊಡಿ, ಎಂಟು ಮಾತ್ರ ಬೇಡ. ಎಂಟಕ್ಕೆ ನಮ್ಮಲ್ಲಿ ರಾತ್ರಿ ಊಟದ ತಟ್ಟೆ ಹಾಕಿರುತ್ತಾರೆ.